ನಿವೃತ್ತರ ಪಿಎಫ್ ಪಾಸ್‌ಬುಕ್ಕನ್ನು ಒಂದೇ ಹಾಳೆಗೆ ಇಳಿಸುವುದು ಹೇಗೆ?

ನೌಕರರ ಭವಿಷ್ಯ ನಿಧಿಯ ಪಾಸ್‌ಬುಕ್ ತಿಂಗಳುವಾರು ಅಂಕಿಗಳನ್ನು ಕೊಡುತ್ತದೆಯೇ ಹೊರತು, ಕೈಗೆ ಬರುವ ಹಣವೆಷ್ಟು, ಯಾರು ಎಷ್ಟು ಕಟ್ಟಿದ್ದಾರೆ, ಇನ್ನೂ ಏನು ಬಾಕಿಯಿದೆ ಎಂದು ನಿವೃತ್ತರು ಕೇಳುವ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುವುದಿಲ್ಲ. ಮನೆಯ ಹಿರಿಯರಿಗಾಗಿ ಈ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡಬೇಕಾದವರು ಅನುಸರಿಸಬಹುದಾದ ಕ್ರಮವನ್ನು ಇಲ್ಲಿ ಒಂದು ಕಲ್ಪಿತ ಉದಾಹರಣೆಯೊಂದಿಗೆ ವಿವರಿಸಲಾಗಿದೆ. 58 ವರ್ಷ ತುಂಬಿದ ಮೇಲೂ ಕೆಲವು ತಿಂಗಳು ಕೆಲಸದಲ್ಲಿ ಮುಂದುವರಿದು ನಿವೃತ್ತರಾದವರ ಪ್ರಕರಣವನ್ನೇ ಆರಿಸಿಕೊಂಡಿದ್ದೇನೆ, ಏಕೆಂದರೆ ತಪ್ಪುಗಳು ಹೆಚ್ಚಾಗಿ ಅಡಗಿ ಕೂರುವುದು ಆ ತಿಂಗಳುಗಳಲ್ಲಿ.

ನಮ್ಮ ಉದಾಹರಣೆಯ ನೌಕರರು ಹುಟ್ಟಿದ್ದು 1966ರ ಸೆಪ್ಟೆಂಬರ್ 1ರಂದು. ನಿವೃತ್ತರಾದದ್ದು 2025ರ ಮಾರ್ಚ್ 31ರಂದು. ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ ₹30,000. ಅವರ 2024–25ರ ಪಾಸ್‌ಬುಕ್ಕನ್ನು ಏಪ್ರಿಲ್‌ನಲ್ಲಿ ಮುದ್ರಿಸಿಕೊಳ್ಳಲಾಗಿದೆ ಎಂದಿಟ್ಟುಕೊಳ್ಳೋಣ.

ಮೊದಲು ಖಾತೆಗಳನ್ನು ಎಣಿಸಿ

ಯುಎಎನ್ ಸಂಖ್ಯೆ ಒಂದೇ ಇದ್ದರೂ ಅದರಡಿ ಪ್ರತಿ ಸಂಸ್ಥೆಗೂ ಒಂದೊಂದು ಸದಸ್ಯ ಸಂಖ್ಯೆ ಇರುತ್ತದೆ, ಮತ್ತು ಪಾಸ್‌ಬುಕ್ ತೆರೆದುಕೊಳ್ಳುವುದು ಸದಸ್ಯ ಸಂಖ್ಯೆಯ ಪ್ರಕಾರ. ಆದ್ದರಿಂದ ಎಲ್ಲ ಸಂಖ್ಯೆಗಳ ಪಾಸ್‌ಬುಕ್ಕುಗಳನ್ನೂ ಇಳಿಸಿಕೊಳ್ಳಬೇಕು. ಹಳೆಯ ಖಾತೆಯಲ್ಲಿ ಹಣ ಉಳಿದಿದ್ದರೆ ಅದನ್ನು ಬೇರೆ ಸಾಲಿನಲ್ಲಿಯೇ ಬರೆಯಿರಿ. ಹೊಸ ಖಾತೆಗೆ ವರ್ಗವಾಗಿ ಬಂದ ಮೊತ್ತ ಶಿಲ್ಕಿಗೆ ಸೇರುತ್ತದೆ, ಆದರೆ ಅದು ಆ ವರ್ಷದ ವಂತಿಗೆಯಲ್ಲ. ಅದನ್ನು ವಂತಿಗೆಯಲ್ಲಿ ಸೇರಿಸಿದರೆ ಅದೇ ಹಣವನ್ನು ಎರಡು ಬಾರಿ ಎಣಿಸಿದಂತಾಗುತ್ತದೆ. ಹೀಗೆ ವರ್ಗವಾದಾಗ ಪಿಂಚಣಿ ಕಾಲಂನಲ್ಲಿ ಸೊನ್ನೆ ಕಂಡರೆ ಗಾಬರಿಯಾಗಬೇಕಿಲ್ಲ. ಅಲ್ಲಿ ವರ್ಗವಾಗುವುದು ಹಣವಲ್ಲ, ಸೇವಾವಧಿಯ ದಾಖಲೆ.

ಶಿಲ್ಕು: ಎರಡು ಕಾಲಂ ಮಾತ್ರ ಕೂಡಿ

ಪಾಸ್‌ಬುಕ್ಕಿನಲ್ಲಿ ನೌಕರರ ಪಾಲು, ಉದ್ಯೋಗದಾತರ ಪಾಲು, ಪಿಂಚಣಿ ವಂತಿಗೆ ಎಂಬ ಮೂರು ಮೊತ್ತದ ಕಾಲಂಗಳಿರುತ್ತವೆ. ಮೂರನ್ನೂ ಕೂಡಿ ಇಷ್ಟು ಹಣವಿದೆ ಎಂದು ಹಿರಿಯರಿಗೆ ಹೇಳಿಬಿಡುವುದು ದೊಡ್ಡ ತಪ್ಪು. ಪಿಂಚಣಿ ಕಾಲಂನ ಹಣಕ್ಕೆ ಬಡ್ಡಿ ಬರುವುದಿಲ್ಲ. ಹತ್ತು ವರ್ಷದ ಅರ್ಹ ಸೇವೆ ಮುಗಿಸಿದವರಿಗೆ ಅದು ಇಡಿಗಂಟಾಗಿ ಸಿಗುವುದೂ ಇಲ್ಲ. ಅವರಿಗೆ ಸಿಗುವ ಮಾಸಿಕ ಪಿಂಚಣಿ ಸೇವಾವಧಿ ಮತ್ತು ಪಿಂಚಣಿಗೆ ಅರ್ಹವಾದ ವೇತನದ ಮೇಲೆ ನಿರ್ಧಾರವಾಗುತ್ತದೆ. ಆದ್ದರಿಂದ ಹಾಳೆಯ ಪಿಂಚಣಿ ಸಾಲಿನಲ್ಲಿ ರೂಪಾಯಿಗಿಂತ ಮುಖ್ಯವಾಗಿ ಸೇವೆಯ ವರ್ಷಗಳನ್ನು ಬರೆಯಬೇಕು.

ನಮ್ಮ ಉದಾಹರಣೆಯಲ್ಲಿ 2024ರ ಏಪ್ರಿಲ್ 1ರ ಆರಂಭಿಕ ಶಿಲ್ಕು ನೌಕರರ ಪಾಲಿನಲ್ಲಿ ₹6,40,000, ಉದ್ಯೋಗದಾತರ ಪಾಲಿನಲ್ಲಿ ₹4,10,000, ಒಟ್ಟು ₹10,50,000. ವರ್ಷದಲ್ಲಿ ಜಮೆಯಾದದ್ದು ಕ್ರಮವಾಗಿ ₹39,600 ಮತ್ತು ₹25,850. ಬಡ್ಡಿಯ ಸಾಲು, ಅಂದರೆ `Int. Updated upto 31/03/2025` ಎಂಬ ನಮೂದು, ಇನ್ನೂ ಬಂದಿಲ್ಲ. ಹಾಗಾಗಿ ಹಾಳೆಯಲ್ಲಿ ‘ಬಡ್ಡಿ ಸೇರದ ಶಿಲ್ಕು ₹11,15,450’ ಎಂದು ಸ್ಪಷ್ಟವಾಗಿ ಬರೆಯಬೇಕು.

ಬರಬೇಕಾದ ಬಡ್ಡಿಯನ್ನು ನಾವೇ ಅಂದಾಜು ಮಾಡಬಹುದು. ಆ ವರ್ಷದ ದರ ಶೇ 8.25. ಆರಂಭಿಕ ಶಿಲ್ಕಿಗೆ ಪೂರ್ತಿ ವರ್ಷದ ಬಡ್ಡಿ ₹86,625. ತಿಂಗಳ ವಂತಿಗೆಗೆ ಅದು ಜಮೆಯಾದ ಮುಂದಿನ ತಿಂಗಳಿಂದ ಬಡ್ಡಿ ನಡೆಯುವುದರಿಂದ ಅದರ ಪಾಲು ಚಿಕ್ಕದು, ಸುಮಾರು ₹2,577. ಒಟ್ಟು ಸುಮಾರು ₹89,200. ಈ ಮೊತ್ತ ಶಿಲ್ಕಿನಲ್ಲಿ ಬೇಡ, ಬಾಕಿಯ ಪಟ್ಟಿಯಲ್ಲಿರಲಿ. ಖಾತೆಗೆ ಬಡ್ಡಿ ತಡವಾಗಿ ಏರಿದರೂ ಲೆಕ್ಕ ಹಾಕುವುದು ಮೊದಲಿನ ದಿನಾಂಕದಿಂದಲೇ ಆದ್ದರಿಂದ ನಷ್ಟವೇನೂ ಇಲ್ಲ ಎಂಬ ಒಂದು ಸಾಲನ್ನು ಪಕ್ಕದಲ್ಲೇ ಬರೆದರೆ ಓದುವವರ ಆತಂಕ ತಗ್ಗುತ್ತದೆ.

ವಂತಿಗೆ: ತಿಂಗಳುಗಳನ್ನು ಬೆರಳಿಟ್ಟು ಓದಿ

ಮಾರ್ಚ್ ತಿಂಗಳ ವೇತನದ ವಂತಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಲಾಗುತ್ತದೆ. ಪಾಸ್‌ಬುಕ್ಕಿನಲ್ಲಿ ಅದು `Cont. For Due-Month 042024` ಎಂದು ಕಾಣುತ್ತದೆ. ಹೀಗಾಗಿ 2024–25ರ ಪಾಸ್‌ಬುಕ್ಕಿನಲ್ಲಿ 2024ರ ಮಾರ್ಚ್‌ನಿಂದ 2025ರ ಫೆಬ್ರುವರಿವರೆಗಿನ ವೇತನದ ಹನ್ನೆರಡು ಸಾಲುಗಳಿರಬೇಕು. ಇಲ್ಲಿ ಹನ್ನೊಂದೇ ಇವೆ. ನವೆಂಬರ್ ವೇತನದ ಸಾಲಿಲ್ಲ. ಆ ತಿಂಗಳ ವೇತನ ಚೀಟಿಯಲ್ಲಿ ಪಿಎಫ್ ಕಡಿತವಾಗಿದ್ದರೆ ಹಣ ಕಟ್ಟದೇ ಉಳಿದಿದೆ ಎಂಬುದಕ್ಕೆ ಆ ಚೀಟಿಯೇ ಪುರಾವೆ. ಕೊನೆಯ ತಿಂಗಳಾದ 2025ರ ಮಾರ್ಚ್ ವೇತನದ ವಂತಿಗೆ ಮಾತ್ರ ಮುಂದಿನ ವರ್ಷದ ಪಾಸ್‌ಬುಕ್ಕಿನಲ್ಲಿ ಬರುತ್ತದೆ. ಅದು ಲೋಪವಲ್ಲ, ಕಾಯಬೇಕಾದ ಜಮೆ.

ಇನ್ನು ಹಂಚಿಕೆ. ನೌಕರರ ಶೇ 12 ಅಂದರೆ ₹3,600. ಉದ್ಯೋಗದಾತರೂ ₹3,600 ಕಟ್ಟುತ್ತಾರೆ. ಅದರಲ್ಲಿ ₹15,000ದ ಮಿತಿಗೆ ಶೇ 8.33ರಂತೆ ₹1,250 ಪಿಂಚಣಿಗೆ ಹೋಗಿ, ಉಳಿದ ₹2,350 ಪಿಎಫ್‌ಗೆ ಬರುತ್ತದೆ. ಆದರೆ 58 ತುಂಬಿದ ಮೇಲೆ ಪಿಂಚಣಿ ಯೋಜನೆಯ ಸದಸ್ಯತ್ವ ಮುಗಿಯುವುದರಿಂದ, 2024ರ ಸೆಪ್ಟೆಂಬರ್ ವೇತನದಿಂದ ಪಿಂಚಣಿ ಕಾಲಂ ಸೊನ್ನೆಯಾಗಿ ಉದ್ಯೋಗದಾತರ ಪಾಲು ಪೂರ್ತಿ ₹3,600 ಆಗಬೇಕಿತ್ತು. ಪಾಸ್‌ಬುಕ್ಕಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್, ಜನವರಿ, ಫೆಬ್ರುವರಿ ಸಾಲುಗಳಲ್ಲೂ ₹1,250 ಪಿಂಚಣಿಗೇ ಹೋಗಿದೆ. ಐದು ತಿಂಗಳಿಗೆ ₹6,250 ನೌಕರರ ಪಿಎಫ್ ಶಿಲ್ಕಿಗೆ ಸೇರದೆ ಉಳಿದಿದೆ. ಅದರ ಬಡ್ಡಿಯೂ ಬಂದಿಲ್ಲ. ವರ್ಷದ ಮೊತ್ತವನ್ನಷ್ಟೇ ನೋಡುವವರಿಗೆ ಇದು ಎಂದಿಗೂ ಕಾಣುವುದಿಲ್ಲ, ಏಕೆಂದರೆ ಎರಡು ಕಾಲಂ ಸೇರಿ ಉದ್ಯೋಗದಾತರು ಕಟ್ಟಿದ್ದು ಸರಿಯಾಗಿಯೇ ಇದೆ.

ಒಂದು ಎಚ್ಚರಿಕೆ ಅಗತ್ಯ. ಪಿಂಚಣಿಯನ್ನು 60 ವರ್ಷದವರೆಗೆ ಮುಂದೂಡಿ, ವಂತಿಗೆಯನ್ನೂ ಮುಂದುವರಿಸುವ ಆಯ್ಕೆ ನಿಯಮದಲ್ಲಿದೆ. ಹಾಗೆ ಮುಂದೂಡಿದ ಪ್ರತಿ ವರ್ಷಕ್ಕೆ ಪಿಂಚಣಿ ಶೇ 4ರಷ್ಟು ಏರುತ್ತದೆ. ಅಂಥ ಆಯ್ಕೆಯನ್ನು ಬರೆದುಕೊಟ್ಟಿದ್ದರೇ ಎಂದು ಅವರನ್ನೇ ಕೇಳಿ ತಿಳಿದುಕೊಳ್ಳದೆ ಇದನ್ನು ತಪ್ಪೆಂದು ಬರೆಯಬಾರದು.

ಬಾಕಿ: ಯಾರು ಏನು ಮಾಡಬೇಕು

ಈ ಭಾಗದಲ್ಲಿ ಪ್ರತಿಯೊಂದು ಬಾಕಿಯ ಎದುರು ಮೊತ್ತ, ಅದಕ್ಕಿರುವ ದಾಖಲೆ ಮತ್ತು ಅದನ್ನು ಸರಿಪಡಿಸಬೇಕಾದವರು ಯಾರು ಎಂಬುದನ್ನು ಬರೆಯಿರಿ. ನಮ್ಮ ಹಾಳೆಯಲ್ಲಿ ಉದ್ಯೋಗದಾತರ ಹೆಸರಿಗೆ ಮೂರು ಕೆಲಸಗಳು ಬರುತ್ತವೆ: ನವೆಂಬರ್‌ನ ಎರಡೂ ಪಾಲು ಸೇರಿ ₹7,200 ಕಟ್ಟುವುದು, ತಪ್ಪಾಗಿ ಪಿಂಚಣಿಗೆ ಹೋದ ₹6,250 ಅನ್ನು ಸರಿಪಡಿಸಲು ಪಿಎಫ್ ಕಚೇರಿಗೆ ಬರೆಯುವುದು, ನಿವೃತ್ತಿಯ ದಿನಾಂಕವನ್ನು ಪೋರ್ಟಲ್‌ನಲ್ಲಿ ನಮೂದಿಸುವುದು. ಸಂಸ್ಥೆ ಸ್ಪಂದಿಸದಿದ್ದರೆ ಪಾಸ್‌ಬುಕ್ ಮತ್ತು ವೇತನ ಚೀಟಿಯ ಪ್ರತಿಗಳೊಂದಿಗೆ epfigms.gov.in ತಾಣದಲ್ಲಿ ದೂರು ದಾಖಲಿಸಬಹುದು.

ನಿವೃತ್ತರ ಹೆಸರಿಗೆ ಬರುವುದು ಪಿಂಚಣಿಗಾಗಿ ಫಾರ್ಮ್ 10ಡಿ ಮತ್ತು ಪಿಎಫ್ ಅಂತಿಮ ಇತ್ಯರ್ಥಕ್ಕಾಗಿ ಫಾರ್ಮ್ 19. ಪಿಂಚಣಿಗೆ ಅರ್ಹತೆ ಬರುವುದು 58 ತುಂಬಿದಾಗಲೇ, ಕೆಲಸ ಬಿಟ್ಟ ದಿನವಲ್ಲ. ಆದ್ದರಿಂದ ಮುಂದೂಡಿಲ್ಲದಿದ್ದರೆ 10ಡಿ ಎದುರು ‘2024ರ ಸೆಪ್ಟೆಂಬರ್‌ನಿಂದ’ ಎಂದು ಬರೆಯಿರಿ. ಹಳೆಯ ಸದಸ್ಯ ಸಂಖ್ಯೆಯ ಹಣ ವರ್ಗವಾಗದೆ ಉಳಿದಿದ್ದರೆ ಅದನ್ನು ಮೊದಲು ಮುಗಿಸಿ, ನಂತರವೇ ಫಾರ್ಮ್ 19 ಸಲ್ಲಿಸುವುದು ಒಳ್ಳೆಯದು. ಹಾಗೆಂದು ಹಲವು ವರ್ಷ ಕಾಯಲಾಗದು: 55 ವರ್ಷದ ನಂತರ ನಿವೃತ್ತರಾದವರು 36 ತಿಂಗಳೊಳಗೆ ಹಣಕ್ಕೆ ಅರ್ಜಿ ಹಾಕದಿದ್ದರೆ ಖಾತೆ ನಿಷ್ಕ್ರಿಯವಾಗಿ ಬಡ್ಡಿ ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಆ ಗಡುವು 2028ರ ಮಾರ್ಚ್ ಕೊನೆ. ಆ ದಿನಾಂಕವನ್ನು ಫಾರ್ಮ್ 19ರ ಸಾಲಿನಲ್ಲಿಯೇ ಬರೆದಿಡಿ.