ನುಡಿ ಕಡತಗಳನ್ನು ಯೂನಿಕೋಡ್‌ಗೆ ತಂದೆ, ಅರ್ಕಾವತ್ತೂ ತಪ್ಪಲಿಲ್ಲ

ಚಿತ್ರದುರ್ಗದ ನಿವೃತ್ತ ಮೇಷ್ಟರೊಬ್ಬರು ಕೋಟೆ, ಕೆರೆ, ಪಾಳೆಯಗಾರರ ಬಗ್ಗೆ ಬರೆದ ಲೇಖನಗಳು ದಾವಣಗೆರೆಯ ನನ್ನ ಡಿಟಿಪಿ ಅಂಗಡಿಗೆ ಬಂದಾಗ ಎಲ್ಲವೂ ಹಳೆಯ ನುಡಿ ಫಾಂಟಿನ ವರ್ಡ್ ಕಡತಗಳಾಗಿದ್ದವು. ಸುಮಾರು ನಾನೂರು ಪುಟ. ಅದನ್ನು ನೋಡಿದ ಪ್ರೆಸ್ಸಿನ ಗೆಳೆಯರು, "ಇದು ಆಗುವ ಕೆಲಸವಲ್ಲ, ಹೊಸದಾಗಿ ಟೈಪ್ ಮಾಡಿಸಿಬಿಡಿ" ಎಂದರು. ಪುಟಕ್ಕೆ ಇಪ್ಪತ್ತೈದು ರೂಪಾಯಿಯಂತೆ ಹತ್ತು ಸಾವಿರ, ಕರಡು ತಿದ್ದುವ ಖರ್ಚು ಬೇರೆ. ಮೇಷ್ಟರ ಪಿಂಚಣಿಗೆ ಅದು ಹೊರೆ. ಇರುವ ಕಡತಗಳನ್ನೇ ಬದಲಿಸಿಕೊಡಲು ನಾಲ್ಕು ಸಾವಿರಕ್ಕೆ ಒಪ್ಪಿಕೊಂಡೆ.

ಮೊದಲು ಉಚಿತವಾಗಿ ಸಿಗುವ ಪರಿವರ್ತಕವೊಂದಕ್ಕೆ ಪಠ್ಯವನ್ನು ಅಂಟಿಸಿದೆ. ಕನ್ನಡ ಮುಕ್ಕಾಲು ಪಾಲು ಸರಿಯಾಗಿಯೇ ಬಂತು. ಆದರೆ ನಡುವೆ ಇಂಗ್ಲಿಷಿನಲ್ಲಿದ್ದ Davanagere ಎಂಬುದೂ ಕನ್ನಡವಾಗಲು ಹೋಗಿ "ಆಚಿ..." ಎಂದು ಶುರುವಾಗುವ ಅರ್ಥವಿಲ್ಲದ ಅಕ್ಷರಮಾಲೆಯಾಯಿತು. ನುಡಿಯಲ್ಲಿ D ಎಂದರೆ ಆ, a ಎಂದರೆ ಚಿ. ಬರೀ ಪಠ್ಯವನ್ನು ನಕಲಿಸಿದರೆ ಯಾವುದು ಯಾವ ಫಾಂಟಿನಲ್ಲಿತ್ತು ಎಂಬ ಗುರುತೇ ಅಳಿದುಹೋಗುತ್ತದೆ. ಹಾಗಾಗಿ ಕಡತಗಳನ್ನೆಲ್ಲ docx ಮಾಡಿಕೊಂಡು, ಫಾಂಟಿನ ಹೆಸರು Nudi ಎಂದೋ BRH ಎಂದೋ ಇರುವ ಭಾಗವನ್ನು ಮಾತ್ರ ಪೈಥಾನಿನಿಂದ ಬದಲಿಸಿದೆ.

```
soffice --headless --convert-to docx *.doc
```

ಅಲ್ಲಿಂದ ಮುಂದೆ ಕಾಡಿದ್ದು ಅರ್ಕಾವತ್ತು. ಚಿತ್ರದುರ್ಗ ಎಂಬುದು ಕಡತದಲ್ಲಿ avÀæzÀÄUÀð ಎಂದಿರುತ್ತದೆ. ಕೊನೆಯ ð ಅರ್ಕಾವತ್ತು. ಕಣ್ಣಿಗೆ ಕಾಣುವಂತೆ ಅದು ಗಕಾರದ ನಂತರ ಕೂತಿದೆ. ಯೂನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮವೇ ಕ್ರಮ, ರ್ ಮೊದಲು ಬರಬೇಕು. ಉಳಿದ ಅಕ್ಷರಗಳನ್ನೆಲ್ಲ ಬದಲಿಸಿ ð ಒಂದನ್ನು ಹಾಗೆಯೇ ಉಳಿಸಿಕೊಂಡು, ಕೊನೆಗೆ ಇದನ್ನು ಓಡಿಸುತ್ತೇನೆ:

```
s = re.sub(r'((?:[ಕ-ಹ]್)*[ಕ-ಹ][ಾ-್]?)ð', r'ರ್\1', s)
```

ಚಿತ್ರದುರ್ಗವೂ ನಿರ್ದೇಶಕನೂ ಪಾರ್ಕೂ ಇದರಲ್ಲಿ ಸರಿಹೋಗುತ್ತವೆ. ಆದರೂ ಪುಟಕ್ಕೆ ಒಂದೆರಡು ಕಡೆ ð ಒಂಟಿಯಾಗಿ ಉಳಿಯುತ್ತಿತ್ತು. ಕಾರಣ ಹುಡುಕುವುದರಲ್ಲಿ ಒಂದು ವಾರವೇ ಹೋಯಿತು. docx ಕಡತವನ್ನು ಬಿಚ್ಚಿ ಒಳಗಿನ XML ನೋಡಿದಾಗ ಗುಟ್ಟು ತಿಳಿಯಿತು: ವರ್ಡ್ ಒಂದೇ ಪದವನ್ನು ಎರಡು ಮೂರು ತುಂಡು ಮಾಡಿಟ್ಟಿರುತ್ತದೆ. ತಿದ್ದಿದ ಕಡೆ, ಕಾಗುಣಿತ ಪರೀಕ್ಷೆ ಗುರುತು ಹಾಕಿದ ಕಡೆ ಹೀಗಾಗುತ್ತದೆ. avÀæzÀÄUÀ ಒಂದು ತುಂಡಿನಲ್ಲಿ, ð ಮುಂದಿನ ತುಂಡಿನಲ್ಲಿ. ತುಂಡು ತುಂಡಾಗಿಯೇ ಬದಲಿಸಿದರೆ ð ಹಿಂದಿನ ಗಕಾರವನ್ನು ಕಾಣುವುದೇ ಇಲ್ಲ. ಒಂದೇ ಫಾಂಟಿನ ಅಕ್ಕಪಕ್ಕದ ತುಂಡುಗಳನ್ನು ಮೊದಲು ಬೆಸೆದು ಆಮೇಲೆ ಬದಲಿಸಿದೆ, ಒಂಟಿ ð ಮಾಯವಾಯಿತು. ದಪ್ಪಕ್ಷರ, ಅಡಿಟಿಪ್ಪಣಿ ಕೆಡದಂತೆ ಬೆಸೆಯುವ ಆ ಭಾಗವನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಈಗ ನನ್ನ ಸಂಪಾದನೆ ಅದರಲ್ಲೇ ಇದೆ.

ನುಡಿಯ ಯಾವ ಚಿಹ್ನೆಗೆ ಯಾವ ಕನ್ನಡ ಅಕ್ಷರ ಎಂಬ ಪಟ್ಟಿಯನ್ನು ಉದ್ದದಿಂದ ಗಿಡ್ಡಕ್ಕೆ ಜೋಡಿಸಿಕೊಳ್ಳುವುದು ನಿಮಗೆಲ್ಲ ಗೊತ್ತಿರುವುದೇ. A ಎಂದರೆ ಸೊನ್ನೆ, AiÀÄ ಎಂದರೆ ಯ. ಮೊದಲು A ಬದಲಾದರೆ ಯಕಾರಗಳೆಲ್ಲ ಕೆಟ್ಟವು. ಹಾಗೆಯೇ ಎತ್ತು ಎಂಬುದು JvÀÄÛ, ಉಕಾರ ಮೊದಲು, ಒತ್ತು ಆಮೇಲೆ. ಅವನ್ನು ಅದಲುಬದಲು ಮಾಡಲೇಬೇಕು.

ಹೆಚ್ಚಿನವರು ಕಡೆಗಣಿಸುವುದು ಕಾಣದ ಅಕ್ಷರಗಳನ್ನು. gÁeïPÀÄªÀiÁgï ಎಂಬಲ್ಲಿ ï ನಂತರ ವ್ಯಂಜನ ಬಂದಿದೆ. ಅಲ್ಲಿ U+200C ಸೇರಿಸದಿದ್ದರೆ ಜಕಾರಕ್ಕೆ ಕಒತ್ತು ಅಂಟಿ ರಾಜ್ಕುಮಾರ್ ಆಗುತ್ತದೆ. ಸೇರಿಸಿದರೆ ರಾಜ್‌ಕುಮಾರ್. ರ‍್ಯಾಲಿ ಎಂಬುದಕ್ಕೆ ರಕಾರದ ನಂತರ U+200D ಬೇಕು, ಇಲ್ಲದಿದ್ದರೆ ಅದು ಅರ್ಕಾವತ್ತಾಗಿ ರ್ಯಾಲಿ ಎಂದು ಮೂಡುತ್ತದೆ. ಕಾರ್ಯ ಮತ್ತು ರ‍್ಯಾಲಿಯ ಈ ಭೇದ ಹಳೆಯ ಕಡತದಲ್ಲಿ ಸ್ಪಷ್ಟವಾಗಿಯೇ ಇದೆ: ಒಂದರಲ್ಲಿ ð, ಇನ್ನೊಂದರಲ್ಲಿ å. ಇಷ್ಟು ನಿಚ್ಚಳವಾಗಿ ಉಳಿದುಬಂದದ್ದನ್ನು ಬದಲಿಸುವಾಗ ಕಳೆದುಬಿಡುವುದು ನನಗೆ ಸಹಿಸದ ವಿಷಯ.

ನಡುವೆ ಇನ್ನೊಂದು ದಾರಿಯನ್ನೂ ನೋಡಿದೆ: ಪುಟಗಳನ್ನು ಚಿತ್ರ ಮಾಡಿ, ಚಿತ್ರದಿಂದ ಅಕ್ಷರ ಓದುವ ಟೆಸರಾಕ್ಟ್‌ಗೆ -l kan ಎಂದು ಕೊಟ್ಟೆ. ಸ್ವಚ್ಛ ಅಚ್ಚಿನ ಪುಟಗಳಲ್ಲೂ ಅದು ಒತ್ತಕ್ಷರಗಳಲ್ಲಿ ಎಡವಿತು. ಕಡತವೇ ಕೈಯಲ್ಲಿರುವಾಗ ಆ ದಾರಿ ಬೇಡ.

ಕೆಲಸ ಮುಗಿದ ಮೇಲೆ ಎರಡು ಹುಡುಕಾಟ ತಪ್ಪಿಸಬೇಡಿ. ಮೊದಲನೆಯದು ಉಳಿದ ಲ್ಯಾಟಿನ್ ಚಿಹ್ನೆ, ಎರಡನೆಯದು ಪದದ ಮೊದಲಲ್ಲೇ ಕೂತ ಸ್ವರಚಿಹ್ನೆ:

```
[¡-ÿ]
(^|\s)[ಾ-್]
```

ನಾನೂರು ಪುಟಕ್ಕೆ ನನಗೆ ಸಿಕ್ಕವು ಮೂವತ್ತರ ಆಸುಪಾಸು. ಬಹುಪಾಲು ಮೂಲದಲ್ಲೇ ತಪ್ಪಾಗಿ ಟೈಪಾದವು. ಅವನ್ನು ಮೇಷ್ಟರೇ ಕೂತು ತಿದ್ದಿಕೊಟ್ಟರು. ಶ್ರೀಲಿಪಿ, ಆಕೃತಿ ಕಡತಗಳಿಗೆ ಈ ಪಟ್ಟಿ ನಡೆಯದು, ಅವುಗಳ ಅಕ್ಷರ ಜೋಡಣೆಯೇ ಬೇರೆ. ಪ್ರೆಸ್ಸಿನ ಅದೇ ಗೆಳೆಯರು ಈಗ ತಮ್ಮ ಹಳೆಯ ಸ್ಮರಣ ಸಂಚಿಕೆಗಳನ್ನು ಕಳುಹಿಸುತ್ತಿದ್ದಾರೆ. ಪುಟಕ್ಕೆ ಹನ್ನೆರಡು ರೂಪಾಯಿ ತೆಗೆದುಕೊಳ್ಳುತ್ತಿದ್ದೇನೆ.