ಹೊಸ ವಿಡಿಯೋ ಹಳೆಯದರ ವ್ಯೂಸ್ ತಿನ್ನುತ್ತಾ? ನಾನು ಲೆಕ್ಕ ಹಾಕಿದ ರೀತಿ

ಒಂದೇ ವಿಷಯವನ್ನು ಚೆನ್ನಾಗಿ ಮತ್ತೆ ಶೂಟ್ ಮಾಡಿ ಹಾಕಿದರೆ ಹಳೆ ವಿಡಿಯೋ ಸತ್ತೇ ಹೋಗುತ್ತೆ ಅಂತ ನಮ್ಮ ಕಡೆ ಚಾನೆಲ್ ನಡೆಸುವವರೆಲ್ಲ ಹೇಳುತ್ತಿದ್ದರು. ಸಿಂಧನೂರಿನ ಗೆಳೆಯನೊಬ್ಬ ಹತ್ತಿ, ಭತ್ತದ ವಿಡಿಯೋ ಮಾಡುತ್ತಾನೆ. ಅವನಂತೂ ಫೋನಿನಲ್ಲೇ ಬೈದ: "ಓಡೋ ಎತ್ತಿಗೆ ಯಾಕಪಾ ಅಡ್ಡ ಹೋಗ್ತಿ?" ನನ್ನ ಹತ್ತಿರ ಈಗ ಲೆಕ್ಕ ಇದೆ. ಹೊಸದು ಹಳೆಯದರಿಂದ ಸ್ವಲ್ಪ ತಿಂದಿದ್ದು ನಿಜ. ಆದರೆ ಎಲ್ಲರೂ ಹೆದರಿಸಿದಷ್ಟು ಇಲ್ಲ. ಎಷ್ಟು, ಎಲ್ಲಿಂದ ಅಂತ ಹೇಳುತ್ತೀನಿ.

ನನ್ನದು ಕುಷ್ಟಗಿ ಕಡೆ ಮೋಟರ್ ರೀವೈಂಡಿಂಗ್ ಅಂಗಡಿ. ಚಾನೆಲ್ ಕೂಡ ಅದರದ್ದೇ. 2021ರಲ್ಲಿ ಹಾಕಿದ ಸಬ್‌ಮರ್ಸಿಬಲ್ ಸ್ಟಾರ್ಟರ್ ಕನೆಕ್ಷನ್ ವಿಡಿಯೋ ಚಾನೆಲ್ಲಿಗೆ ಅನ್ನ ಹಾಕುತ್ತಿತ್ತು. ನಾಲ್ಕೂವರೆ ನಿಮಿಷ. ಫೋನ್ ಹಿಡಿದವನ ಕೈ ನಡುಗುತ್ತೆ, ಹಿಂದೆ ಗ್ರೈಂಡರ್ ಸದ್ದು, ಸಿಂಗಲ್ ಫೇಸ್ ಪ್ರಿವೆಂಟರ್ ವಿಷಯವೇ ಇಲ್ಲ. ಕಾಮೆಂಟಿನಲ್ಲಿ ಅರ್ಧಕ್ಕರ್ಧ ಜನ ಅದನ್ನೇ ಕೇಳುತ್ತಿದ್ದರು. ಯೂಟ್ಯೂಬಿನಲ್ಲಿ ಅದೇ ಲಿಂಕಿಗೆ ಹೊಸ ಫೈಲ್ ಕೂರಿಸೋಕೆ ಆಗಲ್ಲ ಅಲ್ವಾ? ಕತ್ತರಿಸಬಹುದು, ಮಸುಕು ಮಾಡಬಹುದು, ಅಷ್ಟೇ. ಹಾಗಾಗಿ ಬೇರೆಯಾಗಿಯೇ ಹಾಕಬೇಕಾಯಿತು. ಕಾಲರ್ ಮೈಕು, ಒಂದು ಲೈಟು, ಎಡಿಟಿಂಗ್ ಹುಡುಗನಿಗೆ ಕೊಟ್ಟಿದ್ದು ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ ಖರ್ಚಾಯಿತು. ಹೊಸದು ಒಂಬತ್ತು ನಿಮಿಷ ಬಂತು. ಎಂಟು ನಿಮಿಷ ದಾಟಿದರೆ ನಡುವೆ ಜಾಹೀರಾತು ಹಾಕಬಹುದು ಅನ್ನೋದು ನಿಮಗೆ ಗೊತ್ತೇ ಇದೆ.

ಮೇ ಮೊದಲ ವಾರದಲ್ಲಿ ಹಾಕಿದೆ. ತಿಂಗಳು ಕಳೆಯುವಷ್ಟರಲ್ಲಿ ಹಳೆಯದರ ವ್ಯೂಸ್ ದಿನಕ್ಕೆ 400 ಇದ್ದದ್ದು 290ಕ್ಕೆ ಇಳಿಯಿತು. ಗೆಳೆಯರು "ನೋಡು, ಹೇಳಿದ್ವಿಲ್ಲೋ" ಅಂದರು. ಇಲ್ಲೇ ಎಲ್ಲರ ಲೆಕ್ಕ ಕೆಡೋದು. ನಮ್ಮ ಕಡೆ ಬೋರ್‌ವೆಲ್ ಮೋಟರ್ ಜಾಸ್ತಿ ಸುಡೋದು ಮಾರ್ಚ್‌ನಿಂದ ಮೇ ತನಕ. ಮುಂಗಾರು ಬಂದ ಮೇಲೆ ಸ್ಟಾರ್ಟರ್ ಬಗ್ಗೆ ಹುಡುಕುವವರೇ ಕಡಿಮೆ. ಹೊಸ ವಿಡಿಯೋ ಹಾಕದಿದ್ದರೂ ಹಳೆಯದು ಇಳಿಯುತ್ತಿತ್ತು. ಎಷ್ಟು ಇಳಿಯುತ್ತಿತ್ತು ಅನ್ನೋದೇ ಪ್ರಶ್ನೆ.

ಅದಕ್ಕೆ ನಾನು ಕೈ ಹಚ್ಚದ ಮೂರು ವಿಡಿಯೋ ಆರಿಸಿಕೊಂಡೆ: ಕೇಬಲ್ ಜಾಯಿಂಟ್, ಮೊನೊಬ್ಲಾಕ್ ಕೆಪಾಸಿಟರ್, ಪ್ಯಾನಲ್ ವೋಲ್ಟ್‌ಮೀಟರ್. ಇವೂ ಅದೇ ರೈತರು ಅದೇ ಸೀಸನ್ನಿನಲ್ಲಿ ನೋಡುವ ವಿಡಿಯೋಗಳು. ಆದರೆ ಇವನ್ನು ಹುಡುಕುವ ಪದಗಳು ಬೇರೆ. ಈ ಮೂರರಲ್ಲಿ ಯೂಟ್ಯೂಬ್ ಸರ್ಚ್‌ನಿಂದ ಬಂದ ವ್ಯೂಸ್ ಮಾತ್ರ ತೆಗೆದುಕೊಂಡೆ. ಸಜೆಸ್ಟೆಡ್ ಸೇರಿಸಿದರೆ ಹೊಸ ವಿಡಿಯೋ ಪಕ್ಕದಲ್ಲಿ ಬಂದು ಇವುಗಳ ಅಂಕಿಯನ್ನೂ ಏರುಪೇರು ಮಾಡುತ್ತೆ, ಆಮೇಲೆ ಅಳತೆಗೋಲೇ ವಕ್ರ. ಯಾವ ವಿಡಿಯೋ ಅಳತೆಗೆ ಸರಿ ಅಂತ ಆರಿಸೋಕೆ ಇನ್ನೊಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೀನಿ. ಅದು ಅಂಗಡಿ ಗುಟ್ಟು, ಬಿಡಿ.

ಏಪ್ರಿಲ್ ನಾಲ್ಕು ವಾರ ಒಂದು ಕಡೆ, ಅಪ್‌ಲೋಡ್ ಆದ ನಂತರದ ನಾಲ್ಕು ವಾರ ಇನ್ನೊಂದು ಕಡೆ. ಅಪ್‌ಲೋಡ್ ಮಾಡಿದ ವಾರವನ್ನು ಪೂರ್ತಿ ಬಿಟ್ಟೆ, ಆಗ ನೋಟಿಫಿಕೇಶನ್ ಗಲಾಟೆ ಇರುತ್ತೆ. ಸ್ಟುಡಿಯೋದಲ್ಲಿ ದಿನ ಅಂದರೆ ಅಮೆರಿಕದ ಪೆಸಿಫಿಕ್ ಸಮಯದ ದಿನ. ಬೇಸಿಗೆಯಲ್ಲಿ ನಮ್ಮ ಮಧ್ಯಾಹ್ನ ಹನ್ನೆರಡೂವರೆಗೆ ಅವರ ದಿನ ಶುರು. ಒಂದೊಂದು ದಿನ ಹಿಡಿದು ಹೋಲಿಸುವವರು ಇದನ್ನು ಮರೆತರೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ವಾರದ ಸರಾಸರಿ ಹಿಡಿದರೆ ಆ ತೊಂದರೆ ಇಲ್ಲ.

ಶೀಟಿನಲ್ಲಿ ಬಿ ಕಾಲಮ್ಮಿಗೆ ಹಳೆ ವಿಡಿಯೋದ ಸರ್ಚ್ ವ್ಯೂಸ್, ಸಿ ಕಾಲಮ್ಮಿಗೆ ಮೂರು ಅಳತೆ ವಿಡಿಯೋಗಳ ಸರ್ಚ್ ವ್ಯೂಸ್. ಎರಡನೇ ಸಾಲು ಮೊದಲಿನದು, ಮೂರನೇ ಸಾಲು ಆಮೇಲಿನದು.

```
=B3-B2*(C3/C2)
```

ಉತ್ತರ ಸೊನ್ನೆ ಹತ್ತಿರ ಬಂದರೆ ಇಳಿದದ್ದೆಲ್ಲ ಸೀಸನ್ನಿಂದ. ಮೈನಸ್ ಬಂದರೆ ಅಷ್ಟು ನಷ್ಟ.

ನನ್ನ ಅಂಕಿ ಇವು, ನೆನಪಿನಿಂದ ಹೇಳುತ್ತಿದ್ದೀನಿ. ಅಳತೆ ವಿಡಿಯೋಗಳು ಮೂರೂ ಸೇರಿ ದಿನಕ್ಕೆ 600 ಇದ್ದದ್ದು 510 ಆಯಿತು. ಅಂದರೆ ನೂರಕ್ಕೆ 15 ಇಳಿದವು. ಹಳೆ ಸ್ಟಾರ್ಟರ್ ವಿಡಿಯೋಕ್ಕೆ ಸರ್ಚ್‌ನಿಂದ 260 ಬರುತ್ತಿತ್ತು. ಸೀಸನ್ ಕಳೆದರೆ 221 ಇರಬೇಕಿತ್ತು, ಇದ್ದದ್ದು 176. ಅಂದರೆ 45 ನಿಜವಾಗಿ ಹೋಗಿವೆ. ಸಜೆಸ್ಟೆಡ್‌ನಲ್ಲಿ 100 ಇದ್ದದ್ದು 84 ಆಗಿತ್ತು, 85 ಇರಬೇಕಿತ್ತು. ಅಲ್ಲಿ ಏನೂ ಆಗಿಲ್ಲ. ಉಳಿದ ಚಿಲ್ಲರೆಯಲ್ಲಿ ನಾಲ್ಕೈದು. ಒಟ್ಟು ನಷ್ಟ ದಿನಕ್ಕೆ 50. ಅದೇ ಹೊತ್ತಿಗೆ ಹೊಸದು ದಿನಕ್ಕೆ 270 ತರುತ್ತಿತ್ತು. ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಹಳೆಯದರಿಂದ ಕಿತ್ತಿದ್ದು, ಉಳಿದದ್ದು ಹೊಸ ಸಂಪಾದನೆ.

ಈ 45 ಅನ್ನೋದು ಸುಮ್ನೆ ಏರಿಳಿತ ಇರಬಹುದಲ್ಲ ಅಂತ ಬಳ್ಳಾರಿಯ ಮೊಬೈಲ್ ರಿಪೇರಿ ಚಾನೆಲ್ಲಿನ ಅಣ್ಣ ಕೇಳಿದ. ಒಳ್ಳೆ ಪ್ರಶ್ನೆ. ನಾನು ಏನೂ ಹೊಸದು ಹಾಕದ ಹಿಂದಿನ ತಿಂಗಳುಗಳ ಮೇಲೆ ಅದೇ ಸೂತ್ರ ಓಡಿಸಿದೆ. ಪ್ಲಸ್ ಮೈನಸ್ 15ರೊಳಗೇ ಆಡುತ್ತಿತ್ತು. 45 ಅದರ ಮೂರು ಪಟ್ಟು. ನಿಮ್ಮ ಹಳೆ ವಿಡಿಯೋಕ್ಕೆ ಸರ್ಚ್‌ನಿಂದ ದಿನಕ್ಕೆ 30–40 ಮಾತ್ರ ಬರುತ್ತಿದ್ದರೆ ಈ ಲೆಕ್ಕಕ್ಕೆ ಕೈ ಹಾಕಬೇಡಿ, ಏರಿಳಿತದಲ್ಲೇ ಉತ್ತರ ಮುಳುಗಿ ಹೋಗುತ್ತೆ.

ಆದರೂ ಅವರಿಗೆ ನಂಬಿಕೆ ಬರಲಿಲ್ಲ. ಆಗ ಹೊಸ ವಿಡಿಯೋನ ಎರಡು ವಾರ ಅನ್‌ಲಿಸ್ಟೆಡ್ ಮಾಡುತ್ತೀನಿ ಅಂದೆ. ಅನ್‌ಲಿಸ್ಟೆಡ್ ಆದರೆ ಸರ್ಚ್‌ನಲ್ಲೂ ಸಜೆಸ್ಟೆಡ್‌ನಲ್ಲೂ ಬರಲ್ಲ. ಲಿಂಕ್ ಇದ್ದವರಿಗೆ ಮಾತ್ರ ತೆರೆಯುತ್ತೆ. ಹೊಸದೇ ಕಾರಣ ಆಗಿದ್ದರೆ ಅದು ಮರೆಯಾದಾಗ ಹಳೆಯದರ ಸರ್ಚ್ ಮೇಲೆ ಬರಬೇಕು, ಮತ್ತೆ ತೆರೆದಾಗ ಇಳಿಯಬೇಕು. "ಹುಚ್ಚ ಹಿಡದೈತೇನೋ ನಿನಗ, ಏರೋ ವಿಡಿಯೋನ ಯಾರರ ಮುಚ್ಚತಾರೇನು" ಅಂದ ಸಿಂಧನೂರಿನವನು. ಜೂನ್ ಎರಡನೇ ಅರ್ಧದಲ್ಲಿ ಮುಚ್ಚಿದೆ.

ಆ ಎರಡು ವಾರ ಅಳತೆ ವಿಡಿಯೋಗಳು 480ಕ್ಕೆ ಇಳಿದಿದ್ದವು. ಆ ಲೆಕ್ಕದಲ್ಲಿ ಹಳೆಯದಕ್ಕೆ ಸರ್ಚ್‌ನಿಂದ 208 ಬರಬೇಕು. ಬಂದದ್ದು 200 ಆಸುಪಾಸು. ಅಂದರೆ ಸೀಸನ್ ಇಳಿಯುತ್ತಿದ್ದರೂ ಹಳೆಯದು 176ರಿಂದ ಮೇಲೆದ್ದಿತು. ಜುಲೈಯಲ್ಲಿ ಮತ್ತೆ ಪಬ್ಲಿಕ್ ಮಾಡಿದೆ. 195 ಬರಬೇಕಾದ ಕಡೆ 155ಕ್ಕೆ ಕುಸಿಯಿತು. ಮುಚ್ಚಿದರೆ ಏರುತ್ತೆ, ತೆರೆದರೆ ಇಳಿಯುತ್ತೆ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ಖರ್ಚೆಷ್ಟು ಅಂತ ಎಲ್ಲರೂ ಕೇಳಿದರು. ಎರಡು ವಾರದಲ್ಲಿ ಹೆಚ್ಚುಕಮ್ಮಿ 3,800 ವ್ಯೂಸ್ ಹೋದವು. ಆ ವಿಡಿಯೋಗೆ ನನಗೆ ಸಾವಿರಕ್ಕೆ 40 ರೂಪಾಯಿ ಸಿಗುತ್ತೆ. ಅಂದರೆ ನೂರೈವತ್ತು ರೂಪಾಯಿ. ಒಗ್ಗರಣಿ ಮಿರ್ಚಿಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡುತ್ತೀವಿ. ಮತ್ತೆ ತೆರೆದ ಮೇಲೆ ಸರ್ಚ್ ಒಂದು ವಾರದಲ್ಲಿ ಹಳೆ ಜಾಗಕ್ಕೆ ಬಂತು. ಹೋಮ್ ಪೇಜಿನಿಂದ ಬರುತ್ತಿದ್ದ ವ್ಯೂಸ್ ಮಾತ್ರ ಮೊದಲಿನಷ್ಟು ಬರಲೇ ಇಲ್ಲ. ಹೋಮ್ ಪೇಜಿನಲ್ಲೇ ಬದುಕುವ ವಿಡಿಯೋಗಳಿಗೆ ಈ ಪರೀಕ್ಷೆ ಬೇಡ. ವ್ಲಾಗ್ ಮಾಡುವವರು ದೂರ ಇರಿ.

ಯಾಕೆ ತಿಂತು ಅನ್ನೋದನ್ನೂ ನೋಡಿದೆ. ಟ್ರಾಫಿಕ್ ಸೋರ್ಸ್‌ನಲ್ಲಿ ಯೂಟ್ಯೂಬ್ ಸರ್ಚ್ ಆರಿಸಿ ಇಂಪ್ರೆಷನ್ ಮತ್ತು ಕ್ಲಿಕ್ ದರ ಎರಡನ್ನೂ ತೆರೆದರೆ ತಿಳಿಯುತ್ತೆ. ನನ್ನ ಹಳೆಯದರ ಇಂಪ್ರೆಷನ್ ಸೀಸನ್ನಿನಷ್ಟೇ ಇಳಿದಿತ್ತು, ಕ್ಲಿಕ್ ದರ ಮಾತ್ರ 9ರಿಂದ 7ರ ಹತ್ತಿರ ಬಂದಿತ್ತು. ಅಂದರೆ ಎರಡೂ ವಿಡಿಯೋ ಒಟ್ಟಿಗೆ ಕಾಣುತ್ತಿವೆ, ಕೆಲವರು ಹೊಸದನ್ನು ಒತ್ತುತ್ತಿದ್ದಾರೆ. ಇಂಪ್ರೆಷನ್ನೇ ಸೀಸನ್ನಿಗಿಂತ ಜಾಸ್ತಿ ಬಿದ್ದಿದ್ದರೆ ಹಳೆಯದನ್ನು ತೋರಿಸೋದನ್ನೇ ಕಡಿಮೆ ಮಾಡಿದ್ದಾರೆ ಅಂತ ಅರ್ಥ. ಆಗ ಚಿಂತೆ ಮಾಡಬೇಕು. ಫ್ಯೂಸ್ ಹಾರುವ ವಿಡಿಯೋದಲ್ಲಿ ನನಗೆ ಹಾಗೇ ಆಯಿತು. ಎರಡಕ್ಕೂ ಒಂದೇ ಟೈಟಲ್, ಹೆಚ್ಚುಕಮ್ಮಿ ಒಂದೇ ಉದ್ದ, ಹೊಸ ಮಾಹಿತಿ ಏನಿಲ್ಲ. ಹೊಸದಕ್ಕೆ ಬಂದಷ್ಟೇ ಹಳೆಯದರಲ್ಲಿ ಹೋಯಿತು. ಎಡಿಟಿಂಗ್ ದುಡ್ಡು ನೀರಿಗೆ. ಸ್ಟಾರ್ಟರ್ ವಿಡಿಯೋದ ಟೈಟಲ್ಲಿನಲ್ಲಿ ಸಿಂಗಲ್ ಫೇಸ್ ಪ್ರಿವೆಂಟರ್ ಮೊದಲು ಬಂದಿದ್ದರಿಂದ ಹುಡುಕುವ ಪದಗಳೇ ಅರ್ಧ ಬೇರೆಯಾದವು. ಅದೇ ಕಾಪಾಡಿದ್ದು ಅಂತ ನನ್ನ ಲೆಕ್ಕ. ಥಂಬ್‌ನೇಲಿನಲ್ಲೂ ಒಂದು ಕೈಚಳಕ ಇದೆ, ಅದನ್ನು ಇಲ್ಲಿ ಹೇಳಲ್ಲ.

ನಡುವೆ ಇನ್ನೊಂದು ಆಟ ಆಡಿದೆ. ಮೋಟರ್ ಉಲ್ಟಾ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲು ಬದಲು ಮಾಡೋದು ಹೇಗೆ ಅಂತ ಒಂದು ಹಳೆ ವಿಡಿಯೋ ಇದೆ. ಅದರ ಹೊಸ ಆವೃತ್ತಿಯ ಲಿಂಕನ್ನು ಹಳೆಯದರ ಮೊದಲ ಕಾಮೆಂಟಾಗಿ ಪಿನ್ ಮಾಡಿದೆ. ಎಲ್ಲರೂ ಕೊಡುವ ಸಲಹೆ ಅದೇ ತಾನೇ? ಹಳೆಯದರ ವ್ಯೂಸ್ ಮೊದಲಿಗೆ ಇಳಿಯಲಿಲ್ಲ, ಯಾಕಂದರೆ ಒಳಗೆ ಬಂದ ಮೇಲೆ ತಾನೇ ಲಿಂಕ್ ಒತ್ತೋದು. ಆದರೆ ಸರಾಸರಿ ನೋಡುವ ಹೊತ್ತು ಎರಡು ನಿಮಿಷದಿಂದ ಒಂದೂಕಾಲಿನ ಹತ್ತಿರ ಬಿತ್ತು. ಮೂರು ವಾರ ಕಳೆದ ಮೇಲೆ ಸರ್ಚ್ ಇಂಪ್ರೆಷನ್ ಕೂಡ ಜಾರತೊಡಗಿತು. ಪಿನ್ ತೆಗೆದು ಲಿಂಕನ್ನು ಎಂಡ್ ಸ್ಕ್ರೀನಿಗೆ ಹಾಕಿದೆ. ಪೂರ್ತಿ ನೋಡಿದವನು ಮಾತ್ರ ದಾಟಿ ಹೋಗಲಿ. ಈಗ ಜಾರೋದು ನಿಂತಿದೆ.

ದುಡ್ಡಿನ ಲೆಕ್ಕಕ್ಕೆ ಬಂದರೆ, ಹಳೆಯದರಲ್ಲಿ ಹೋದ 50 ವ್ಯೂಸ್ ತಿಂಗಳಿಗೆ ಮೂವತ್ತೈದು, ನಲವತ್ತು ರೂಪಾಯಿ. ಅದರ ದರವೇ ಸಾವಿರಕ್ಕೆ 25. ಹೊಸದು ತಿಂಗಳಿಗೆ ಮುನ್ನೂರರ ಮೇಲೆ ತರುತ್ತೆ. ಹಾಕಿದ ಮೂರೂವರೆ ಸಾವಿರ ವರ್ಷದ ಹೊತ್ತಿಗೆ ವಾಪಸ್. ಯಲಬುರ್ಗಾ ಕಡೆಯಿಂದ ಆ ವಿಡಿಯೋ ನೋಡಿ ಸುಟ್ಟ ಮೋಟರ್ ಹೊತ್ತು ತಂದವರ ಲೆಕ್ಕ ಇದರಲ್ಲಿ ಸೇರಿಲ್ಲ. ಒಂದು ರೀವೈಂಡಿಂಗ್ ಬಿಲ್ಲೇ ಯೂಟ್ಯೂಬಿನ ಹಲವು ತಿಂಗಳ ದುಡ್ಡಿಗೆ ಸಮ.

ಸಿಂಧನೂರಿನವನು ಈಗ ತನ್ನ ಹತ್ತಿ ಗುಲಾಬಿ ಕಾಯಿಕೊರಕದ ವಿಡಿಯೋನ ಮತ್ತೆ ಶೂಟ್ ಮಾಡುತ್ತಾನಂತೆ. ಅಳತೆಗೆ ಭತ್ತದ ವಿಡಿಯೋ ಇಡಲಾ ಅಂತ ಕೇಳಿದ. ಬೇಡ ಅಂದೆ. ಹತ್ತಿಯ ಸೀಸನ್ ಬೇರೆ, ಭತ್ತದ್ದು ಬೇರೆ, ಕಾಲುವೆ ನೀರು ಬಿಟ್ಟ ದಿನವೇ ಭತ್ತದ ಹುಡುಕಾಟ ನೆಗೆಯುತ್ತೆ. ಹತ್ತಿಯ ಬೇರೆ ಕೀಟದ ವಿಡಿಯೋ ಎರಡು ಹುಡುಕು, ಅವನ್ನು ಮೂರು ತಿಂಗಳು ಮುಟ್ಟಬೇಡ ಅಂದಿದ್ದೀನಿ.