ಊರುಗೋಲಿನ ಮೇಲೆ ಫುಟ್‌ಬಾಲ್: ಮೈದಾನಕ್ಕೆ ಇಳಿಯುವ ಮುನ್ನ

ಮೊದಲು ನೆಲ ನೋಡಿ. ಹುಬ್ಬಳ್ಳಿ, ಗದಗ ಕಡೆಯ ಎರೆಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆ ಬಂದರೆ ಊರುಗೋಲನ್ನೇ ನುಂಗುತ್ತದೆ. ಎರಡೂ ಅಪಾಯ. ಧಾರವಾಡ ಕಡೆಯ ಗಟ್ಟಿ ಮಸಾರಿ ನೆಲ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. 60 ಮೀಟರ್ ಉದ್ದ, 40 ಮೀಟರ್ ಅಗಲ ಇದ್ದರೆ ಸಾಕು.

ಒಂದು ತಂಡದಲ್ಲಿ ಏಳು ಮಂದಿ. ಆರು ಜನರಿಗೆ ಒಂದು ಕಾಲು ಇರುವುದಿಲ್ಲ, ಗೋಲ್‌ಕೀಪರ್‌ಗೆ ಒಂದು ಕೈ ಇರುವುದಿಲ್ಲ. ಕೃತಕ ಕಾಲನ್ನು ಬಿಚ್ಚಿಟ್ಟು, ಎರಡು ಊರುಗೋಲು ಹಿಡಿದು ಆಡಬೇಕು.

ಊರುಗೋಲಿನ ಅಳತೆಗೆ ಸ್ವಲ್ಪ ಹೊತ್ತು ಕೊಡಿ. ಕಂಕುಳಲ್ಲಿ ಇಟ್ಟುಕೊಳ್ಳುವುದು ಬೇಡ, ಮುಂಗೈಗೆ ಪಟ್ಟಿ ಇರುವಂಥದ್ದು ಬೇಕು. ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಆಟಗಾರನ ಭುಜ ಕಿವಿಯತ್ತ ಏರಿದ್ದರೆ ಕೋಲು ಉದ್ದವಾಗಿದೆ, ಬೆನ್ನು ಬಾಗಿದ್ದರೆ ಗಿಡ್ಡವಾಗಿದೆ. ಗುಂಡಿ ಒತ್ತಿ ಒಂದೊಂದೇ ತೂತು ಬದಲಿಸಿ ನೋಡಿ. ತುದಿಯ ರಬ್ಬರ್ ಮುಚ್ಚಳವನ್ನೂ ತಿರುವಿ ನೋಡಿ. ಕಲ್ಲಿನ ಮೇಲೆ ಊರಿದಾಗ ಟಕ್ ಎಂದರೆ ರಬ್ಬರ್ ಸವೆದು ಒಳಗಿನ ಲೋಹ ತಾಗುತ್ತಿದೆ ಎಂದರ್ಥ. ಅದನ್ನು ಹಾಗೇ ಬಿಟ್ಟರೆ ಓಡುವಾಗ ಜಾರುವುದು ಖಚಿತ.

ಇನ್ನು ಒದೆಯುವುದು. ನಿಲ್ಲುವ ಕಾಲೂ ಅದೇ, ಒದೆಯುವ ಕಾಲೂ ಅದೇ. ಹಾಗಾಗಿ ಎರಡೂ ಕೋಲನ್ನು ಚೆಂಡಿನ ಅಕ್ಕಪಕ್ಕ ಊರಿ, ಭಾರವೆಲ್ಲ ಕೈಗೆ ಕೊಟ್ಟು, ಮೈಯನ್ನು ಜೋಕಾಲಿಯ ಹಾಗೆ ತೂಗಿ ಒದೆಯಬೇಕು. ಹೊಸಬರು ಕೋಲನ್ನು ಚೆಂಡಿಗಿಂತ ತುಂಬಾ ಹಿಂದೆ ಊರುತ್ತಾರೆ. ಆಗ ಕಾಲು ಚೆಂಡಿಗೆ ಎಟುಕದೆ, ಚೆಂಡು ಬರೀ ಉರುಳಿ ಹೋಗುತ್ತದೆ. ಕೋಲನ್ನು ಒಂದು ಗೇಣು ಮುಂದಿಟ್ಟು ಮತ್ತೆ ಒದೆಯಲು ಹೇಳಿ, ಸದ್ದೇ ಬೇರೆ ಬರುತ್ತದೆ.

ಕೋಲಿನಿಂದ ಬೇಕಂತಲೇ ಚೆಂಡು ತಡೆದರೆ ಕೈಗೆ ತಾಗಿದ ಹಾಗೆಯೇ ತಪ್ಪು. ಕತ್ತರಿಸಿದ ಕಾಲಿನ ಉಳಿದ ಭಾಗದಿಂದ ಆಡುವಂತಿಲ್ಲ, ಎದುರಾಳಿಗೆ ಜಾರಿ ಅಡ್ಡ ಬೀಳುವಂತಿಲ್ಲ. ಆಫ್‌ಸೈಡ್ ಇಲ್ಲ. ಎರಡೂ ಕೈಯಲ್ಲಿ ಕೋಲು ಇರುವಾಗ ಚೆಂಡು ಎಸೆಯುವುದು ಹೇಗೆ ಅಲ್ವಾ? ಅದಕ್ಕೇ ಗೆರೆಯಿಂದ ಕಾಲಿನಲ್ಲೇ ಒದ್ದು ಒಳಗೆ ಕಳಿಸುತ್ತಾರೆ. ಗೋಲ್‌ಕೀಪರ್ ತನ್ನ ಪೆನಾಲ್ಟಿ ಜಾಗ ಬಿಟ್ಟು ಬರುವಂತಿಲ್ಲ. ತಲಾ 25 ನಿಮಿಷದ ಎರಡು ಅವಧಿ. ತೋಳು ಬೇಗ ಸೋಲುವುದರಿಂದ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು.

ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಹಿಡಿತ ತಪ್ಪುವ ಸೆರೆಬ್ರಲ್ ಪಾಲ್ಸಿ ಇರುವವರ ಆಟವೇ ಬೇರೆ, ಇದರೊಂದಿಗೆ ಬೆರೆಸಬೇಡಿ. ಅಲ್ಲೂ ಏಳು ಮಂದಿ, ಆಫ್‌ಸೈಡ್ ಇಲ್ಲ, ಆದರೆ ಊರುಗೋಲೂ ಇಲ್ಲ. ತಲಾ 30 ನಿಮಿಷದ ಎರಡು ಅವಧಿ. ಒಂದು ಕೈ ಬಿಗಿದುಕೊಂಡಿರುವವರು ಇನ್ನೊಂದು ಕೈಯಿಂದಲೇ ಚೆಂಡನ್ನು ಉರುಳಿಸಿ ಒಳಗೆ ಹಾಕಬಹುದು. ತೊಂದರೆ ಎಷ್ಟಿದೆ ಎಂಬುದರ ಮೇಲೆ ಆಟಗಾರರಲ್ಲಿ ಮೂರು ದರ್ಜೆ. ಹೆಚ್ಚು ತೊಂದರೆ ಇರುವ ಒಬ್ಬರಾದರೂ ಸದಾ ಮೈದಾನದಲ್ಲಿ ಇರಲೇಬೇಕು, ಕಡಿಮೆ ತೊಂದರೆಯವರು ಒಬ್ಬರಿಗಿಂತ ಜಾಸ್ತಿ ಇರಬಾರದು. ಈ ನಿಯಮ ಇಲ್ಲದಿದ್ದರೆ ಚುರುಕಾಗಿ ಓಡುವವರೇ ಏಳೂ ಜನ ಇಳಿದುಬಿಡುತ್ತಿದ್ದರು.